ವಾಹನ ಸಾಲದ ಅವಧಿ ತಗ್ಗಿದರೆ ಬಡ್ಡಿ ಎಷ್ಟು ತಗ್ಗುತ್ತದೆ: ಆರು ಲಕ್ಷದ ಒಂದು ಲೆಕ್ಕ

ನಮ್ಮ ಭಾವ ಕಾರು ಕೊಳ್ಳಲು ಹೊರಟಾಗ ಲೆಕ್ಕಕ್ಕೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಮುಂಗಡ ಕಟ್ಟಿದ ಮೇಲೆ ಬೇಕಾಗಿದ್ದ ಸಾಲ 6,00,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 9. ಷೋರೂಮಿನ ಹುಡುಗ ಕಾಗದದ ಮೇಲೆ ಒಂದೇ ಸಂಖ್ಯೆ ಬರೆದು ಸುತ್ತ ಗೆರೆ ಹಾಕಿದ: 9,653. ಅದು ಏಳು ವರ್ಷದ ಸಾಲದ ತಿಂಗಳ ಕಂತು. “ಒಟ್ಟು ಬಡ್ಡಿ ಎಷ್ಟಾಗುತ್ತದಪ್ಪ?” ಎಂದು ಭಾವ ಕೇಳಿದರೆ, “ತಿಂಗಳಿಗೆ ಹತ್ತು ಸಾವಿರದ ಒಳಗೇ ಇದೆಯಲ್ಲ ಸಾರ್” ಎಂದ. ಕೇಳಿದ್ದೊಂದು, ಬಂದ ಉತ್ತರ ಇನ್ನೊಂದು. ಅಂದು ಮನೆಗೆ ಬಂದು ನಾವಿಬ್ಬರೂ ಕುಳಿತು ಮಾಡಿದ ಲೆಕ್ಕವೇ ಈ ಟಿಪ್ಪಣಿ.

ಮೊದಲು ಕಂತಿನ ಸೂತ್ರ. ಇಲ್ಲಿ P ಎಂದರೆ ಅಸಲು, r ಎಂದರೆ ತಿಂಗಳ ಬಡ್ಡಿದರ, n ಎಂದರೆ ಕಂತುಗಳ ಸಂಖ್ಯೆ. ವರ್ಷಕ್ಕೆ ಶೇ. 9 ಎಂದರೆ ತಿಂಗಳಿಗೆ ಶೇ. 0.75, ಅಂದರೆ r = 0.0075.

```
EMI = P × r × (1+r)^n / ((1+r)^n − 1)

=PMT(0.09/12, 84, -600000)
```

ಎರಡನೆಯ ಸಾಲು ಅದೇ ಸೂತ್ರವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಬರೆಯುವ ಬಗೆ. ಅಸಲಿನ ಹಿಂದೆ ಋಣ ಚಿಹ್ನೆ ಹಾಕದಿದ್ದರೆ ಕಂತೇ ಋಣ ಸಂಖ್ಯೆಯಾಗಿ ಬರುತ್ತದೆ. ಲೆಕ್ಕ ತಪ್ಪಲ್ಲ, ಆದರೆ ಮೊದಲ ಸಲ ನೋಡುವವರು ಗಾಬರಿಯಾಗುತ್ತಾರೆ. ಕಂತನ್ನು ತಿಂಗಳುಗಳಿಂದ ಗುಣಿಸಿ ಆರು ಲಕ್ಷ ಕಳೆದರೆ ಒಟ್ಟು ಬಡ್ಡಿ ಸಿಗುತ್ತದೆ. ಪೈಸೆಗಳನ್ನು ಬಿಟ್ಟು ಐದು ಅವಧಿಗಳಿಗೆ ಬಂದ ಫಲ ಹೀಗಿದೆ.

| ಅವಧಿ (ತಿಂಗಳು) | ಕಂತು (ರೂ.) | ಒಟ್ಟು ಬಡ್ಡಿ (ರೂ.) |
|---|---|---|
| 84 | 9,653 | 2,10,890 |
| 72 | 10,815 | 1,78,703 |
| 60 | 12,455 | 1,47,301 |
| 48 | 14,931 | 1,16,689 |
| 36 | 19,080 | 86,874 |

ಕೊನೆಯ ಕಾಲಮನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೋಡಿ. ಒಂದು ವರ್ಷ ಕಡಿಮೆ ಮಾಡಿದಾಗಲೆಲ್ಲ ಬಡ್ಡಿ ಹೆಚ್ಚುಕಡಿಮೆ ಒಂದೇ ಮೊತ್ತದಷ್ಟು ಇಳಿಯುತ್ತದೆ, 30ರಿಂದ 32 ಸಾವಿರ. ಏಳರಿಂದ ಆರಕ್ಕೆ ಬಂದರೂ ಅಷ್ಟೇ, ನಾಲ್ಕರಿಂದ ಮೂರಕ್ಕೆ ಬಂದರೂ ಅಷ್ಟೇ. ಕಂತಿನ ಕಾಲಮ್ ಹಾಗಿಲ್ಲ. ಏಳರಿಂದ ಆರಕ್ಕೆ ಬಂದಾಗ ಕಂತು ಏರುವುದು 1,162 ರೂಪಾಯಿ. ನಾಲ್ಕರಿಂದ ಮೂರಕ್ಕೆ ಬಂದಾಗ 4,149. ಉಳಿಯುವ ಬಡ್ಡಿ ಅಷ್ಟೇ ಇದ್ದರೂ ತಿಂಗಳ ಭಾರ ಮೂರೂವರೆ ಪಟ್ಟು. ಈ ಎರಡು ಕಾಲಮ್‌ಗಳ ನಡೆ ಬೇರೆ ಬೇರೆ ಏಕೆಂದು ತಿಳಿದರೆ ಅವಧಿಯ ಲೆಕ್ಕ ಮುಕ್ಕಾಲು ಪಾಲು ತಿಳಿದಂತೆ.

ಬಡ್ಡಿಯ ಕಾಲಮ್ ಸಮನಾಗಿ ಇಳಿಯುವುದಕ್ಕೆ ಕಾರಣ ಇದು. ಪ್ರತಿ ತಿಂಗಳೂ ಬಡ್ಡಿ ಹುಟ್ಟುವುದು ಆ ತಿಂಗಳ ಬಾಕಿ ಅಸಲಿನ ಮೇಲೆ ಮಾತ್ರ. ಬಾಕಿ ಆರು ಲಕ್ಷದಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ; ಹಾಗಾಗಿ ಇಡೀ ಅವಧಿಯ ಸರಾಸರಿ ಬಾಕಿ ಅರ್ಧಕ್ಕಿಂತ ತುಸು ಮೇಲಿರುತ್ತದೆ. ಲೆಕ್ಕ ಹಾಕಿದರೆ ಮೂರು ವರ್ಷದ ಸಾಲದಲ್ಲಿ ಸರಾಸರಿ ಸುಮಾರು 3.22 ಲಕ್ಷ, ಐದು ವರ್ಷದ್ದರಲ್ಲಿ 3.27 ಲಕ್ಷ, ಏಳು ವರ್ಷದ್ದರಲ್ಲಿ 3.35 ಲಕ್ಷ. ಸರಾಸರಿ ಬಾಕಿ ಬದಲಾಗುವುದೇ ಇಲ್ಲ ಎನ್ನಬಹುದು. ಬದಲಾಗುವುದು ಆ ಹಣ ನಮ್ಮ ತಲೆಯ ಮೇಲೆ ಎಷ್ಟು ವರ್ಷ ಕೂತಿರುತ್ತದೆ ಎಂಬುದು ಮಾತ್ರ. 3.27 ಲಕ್ಷಕ್ಕೆ ಶೇ. 9ರಂತೆ ಐದು ವರ್ಷದ ಸರಳ ಬಡ್ಡಿ ಹಾಕಿ ನೋಡಿ, 1,47,150 ಬರುತ್ತದೆ, ಕೋಷ್ಟಕದಲ್ಲಿರುವುದು 1,47,301.

ಇದರಿಂದಲೇ ಕಾಗದ ಪೆನ್ನು ಇಲ್ಲದೆ ಅಂದಾಜು ಮಾಡುವ ದಾರಿಯೂ ಸಿಗುತ್ತದೆ: ಅರ್ಧ ಅಸಲಿಗೆ ಸರಳ ಬಡ್ಡಿ ಹಾಕಿ. ಐದು ವರ್ಷಕ್ಕೆ ಮೂರು ಲಕ್ಷದ ಮೇಲೆ 1,35,000 ಬರುತ್ತದೆ. ನಿಜದ ಉತ್ತರ ನಮ್ಮ ಕೋಷ್ಟಕದ ಅವಧಿಗಳಲ್ಲಿ ಇದಕ್ಕಿಂತ ಶೇ. 7ರಿಂದ 12ರಷ್ಟು ಮೇಲಿರುತ್ತದೆ, ಅವಧಿ ಉದ್ದವಾದಷ್ಟೂ ಹೆಚ್ಚು. ಏಕೆಂದರೆ ಉದ್ದದ ಸಾಲದಲ್ಲಿ ಬಾಕಿ ಶುರುವಿನಲ್ಲಿ ಬಹಳ ಮೆಲ್ಲಗೆ ಕರಗುತ್ತದೆ. ಮೊದಲ ತಿಂಗಳ ಬಡ್ಡಿ ಯಾವ ಅವಧಿಯಾದರೂ 4,500 ರೂಪಾಯಿಯೇ. 84 ತಿಂಗಳ ಕಂತಿನಲ್ಲಿ ಅದು ಹೋಗಿ ಅಸಲಿಗೆ ಜಮೆಯಾಗುವುದು 5,153. 36 ತಿಂಗಳ ಕಂತಿನಲ್ಲಿ 14,580.

ಇನ್ನು ಕಂತು ಹಾಗೆ ಜಿಗಿಯುವುದೇಕೆ? ಬಡ್ಡಿಯನ್ನು ಮರೆತು ಬರೀ ಅಸಲನ್ನು ಹಂಚಿ ನೋಡಿ. ಆರು ಲಕ್ಷವನ್ನು 84 ಪಾಲು ಮಾಡಿದರೆ 7,143, 72 ಪಾಲು ಮಾಡಿದರೆ 8,333, ವ್ಯತ್ಯಾಸ 1,190. ಅದೇ 48ರಿಂದ 36ಕ್ಕೆ ಬಂದರೆ 12,500 ಹೋಗಿ 16,667 ಆಗುತ್ತದೆ, ವ್ಯತ್ಯಾಸ 4,167. ಮೇಲೆ ಕಂಡ 1,162 ಮತ್ತು 4,149ಕ್ಕೆ ಇವು ಎಷ್ಟು ಹತ್ತಿರ ನೋಡಿ. ಜಿಗಿತಕ್ಕೆ ಕಾರಣ ಬಡ್ಡಿಯಲ್ಲ, ಬರೀ ಭಾಗಾಕಾರ. ಒಂದೇ ಹೋಳಿಗೆಯನ್ನು ಏಳು ಜನರ ಬದಲು ಆರು ಜನರಿಗೆ ಹಂಚಿದರೆ ಪಾಲು ಬೆಳೆದದ್ದು ಗೊತ್ತೇ ಆಗುವುದಿಲ್ಲ. ನಾಲ್ವರ ಬದಲು ಮೂವರಿಗೆ ಹಂಚಿದರೆ ಎದ್ದು ಕಾಣುತ್ತದೆ.

ಹಾಗಾಗಿ ಏಳು ವರ್ಷದ ಸಾಲ ತೆಗೆದುಕೊಳ್ಳುವವರು ಆರಕ್ಕೋ ಐದಕ್ಕೋ ಇಳಿಯುವುದು ಅಗ್ಗದ ವ್ಯವಹಾರ ಎಂಬುದು ನನ್ನ ಅಭಿಪ್ರಾಯ. ಏಳರಿಂದ ಐದಕ್ಕೆ ಬಂದರೆ ತಿಂಗಳಿಗೆ 2,802 ರೂಪಾಯಿ ಹೆಚ್ಚು ಕಟ್ಟಬೇಕು, 63,589 ರೂಪಾಯಿ ಬಡ್ಡಿ ಉಳಿಯುತ್ತದೆ. ನಾಲ್ಕು ವರ್ಷಕ್ಕಿಂತ ಕೆಳಗೆ ಇಳಿಯಲು ಮಾತ್ರ ಸಂಬಳ ನೋಡಿಕೊಂಡು ಹೆಜ್ಜೆ ಇಡಬೇಕು. ಒಂದು ತಿಂಗಳು ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ದಂಡವೂ ಬೀಳುತ್ತದೆ, ಸಾಲದ ದಾಖಲೆಯಲ್ಲೂ ಕಲೆ ಉಳಿಯುತ್ತದೆ. ಅವಧಿ ಬದಲಾದಾಗ ಬ್ಯಾಂಕು ಬಡ್ಡಿದರವನ್ನೂ ಬದಲಿಸುತ್ತದೆಯೇ ಎಂದು ಕೇಳುವುದೂ ಒಳ್ಳೆಯದು. ನಮ್ಮ ಕೋಷ್ಟಕ ಎಲ್ಲ ಅವಧಿಗೂ ಒಂದೇ ದರ ಎಂದುಕೊಂಡು ಮಾಡಿದ್ದು.

ಭಾವ ಇಷ್ಟೆಲ್ಲ ಕೇಳಿದ ಮೇಲೂ 84 ತಿಂಗಳನ್ನೇ ಆರಿಸಿದರು. ಮಗಳ ಕಾಲೇಜು ಶುಲ್ಕ ಎದುರಿಗಿತ್ತು, ತಪ್ಪೆನ್ನಲಾರೆ. ಒಂದು ವರ್ಷ ಕಳೆದು, ಚೀಟಿ ಹಣ ಬಂದಾಗ, ಒಂದು ಲಕ್ಷವನ್ನು ಸಾಲಕ್ಕೆ ಕಟ್ಟಲು ಹೊರಟರು. ಅವಧಿ ತಗ್ಗಿಸುವ ಎರಡನೆಯ ಅವಕಾಶ ಬರುವುದು ಇಲ್ಲಿ.

ಹನ್ನೆರಡು ಕಂತುಗಳಲ್ಲಿ ಅವರು ಕಟ್ಟಿದ್ದು 1,15,841. ಅದರಲ್ಲಿ 51,384 ಬಡ್ಡಿಗೆ ಹೋಗಿ ಅಸಲಿಗೆ ಸಂದದ್ದು 64,457. ಉಳಿದ ಬಾಕಿ 5,35,543. ಒಂದು ಲಕ್ಷ ಕಟ್ಟಿದ ಮೇಲೆ 4,35,543. ಈಗ ಬ್ಯಾಂಕಿನವರು ಕೇಳುವ ಪ್ರಶ್ನೆ: ಕಂತು ಕಡಿಮೆ ಮಾಡಬೇಕೋ, ಅವಧಿ ಕಡಿಮೆ ಮಾಡಬೇಕೋ?

ಕಂತು ಕಡಿಮೆ ಮಾಡಿಸಿದರೆ ಉಳಿದ 72 ತಿಂಗಳು ಹಾಗೆಯೇ ಇರುತ್ತದೆ, ಕಂತು 7,851ಕ್ಕೆ ಇಳಿಯುತ್ತದೆ. ಮುಂದೆ ಕಟ್ಟಬೇಕಿದ್ದ 1,59,505 ರೂಪಾಯಿ ಬಡ್ಡಿ 1,29,722 ಆಗುತ್ತದೆ. ಉಳಿತಾಯ ಸುಮಾರು 29,800.

ಅವಧಿ ಕಡಿಮೆ ಮಾಡಿಸಿದರೆ ಕಂತು 9,653ರಲ್ಲೇ ನಿಲ್ಲುತ್ತದೆ. ಎಷ್ಟು ಕಂತು ಉಳಿದವು ಎಂಬುದನ್ನು ಸ್ಪ್ರೆಡ್‌ಶೀಟ್ ಹೇಳುತ್ತದೆ:

```
=NPER(0.09/12, -9653.45, 435543)
```

ಉತ್ತರ 55.28. ಎಂದರೆ 55 ಪೂರ್ಣ ಕಂತು, ಕೊನೆಗೆ ಸುಮಾರು 2,730 ರೂಪಾಯಿಯ ಒಂದು ಪುಟ್ಟ ಕಂತು. ಬಡ್ಡಿ ಸುಮಾರು 98,100ಕ್ಕೆ ಇಳಿಯುತ್ತದೆ, ಉಳಿತಾಯ 61,400. ಅದೇ ಒಂದು ಲಕ್ಷ, ಎರಡು ಪಟ್ಟಿಗೂ ಹೆಚ್ಚಿನ ಉಳಿತಾಯ. ಇಂದು ಕಟ್ಟಿದ ಲಕ್ಷವು ಸಾಲದ ಬಾಲದಲ್ಲಿದ್ದ ಹದಿನಾರು ಪೂರ್ಣ ಕಂತುಗಳನ್ನೂ ಹದಿನೇಳನೆಯದರ ಮುಕ್ಕಾಲಿನಷ್ಟನ್ನೂ ಅಳಿಸಿಹಾಕಿದೆ.

ಇಲ್ಲಿ ಹಲವರು “ಕಂತು ಇಳಿಸುವುದು ಬ್ಯಾಂಕಿನ ಮೋಸ” ಎಂದು ಬಿಡುತ್ತಾರೆ. ಹಾಗಲ್ಲ. ಕಂತು ಇಳಿಸಿಕೊಂಡವರ ಕೈಯಲ್ಲಿ ತಿಂಗಳಿಗೆ 1,803 ರೂಪಾಯಿ ಉಳಿಯುತ್ತದೆ. ಅದನ್ನು ಅವರು ಪ್ರತಿ ತಿಂಗಳೂ ಅಸಲಿಗೆ ಕಟ್ಟುತ್ತ ಹೋದರೆ ಸಾಲ ಅದೇ 56ನೇ ತಿಂಗಳಿಗೆ ತೀರುತ್ತದೆ, ಬಡ್ಡಿಯೂ ಅಷ್ಟೇ ಆಗುತ್ತದೆ. ಹೆಚ್ಚಿನ ಬಡ್ಡಿ ಬರುವುದು ಬ್ಯಾಂಕಿನ ಹಣವನ್ನು ಹೆಚ್ಚು ಕಾಲ ಇಟ್ಟುಕೊಂಡದ್ದಕ್ಕೆ. ಈ ಎರಡು ಆಯ್ಕೆಗಳನ್ನು ಹೋಲಿಸುವಾಗ ಈ ಒಂದು ಮಾತನ್ನು ಮರೆಯಬೇಡಿ.

ಹೀಗೆ ಅಸಲನ್ನು ಅವಧಿಗೆ ಮೊದಲೇ ತೀರಿಸುವ ಮುಂಗಡ ಪಾವತಿಗೆ ಶುಲ್ಕ ಇದೆಯೇ ಎಂಬುದು ಬಡ್ಡಿಯ ಬಗೆಯ ಮೇಲೆ ನಿಂತಿದೆ. ವ್ಯಾಪಾರಕ್ಕಲ್ಲದ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿದರದ ಸಾಲಗಳಿಗೆ ಇಂಥ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ವಾಹನ ಸಾಲಗಳು ಸಾಮಾನ್ಯವಾಗಿ ಸ್ಥಿರ ದರದವು. ಅವುಗಳಿಗೆ ಶುಲ್ಕ ಇರಬಹುದು, ಮೊದಲ ಕೆಲವು ತಿಂಗಳು ಅವಕಾಶವೇ ಇಲ್ಲದಿರಬಹುದು. ಉದಾಹರಣೆಗೆ ಶುಲ್ಕ ಶೇ. 5, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದುಕೊಳ್ಳಿ. ಒಂದು ಲಕ್ಷಕ್ಕೆ 5,900 ಹೋಗುತ್ತದೆ. ಅವಧಿ ತಗ್ಗಿಸಿದಾಗಿನ 61,400ರಲ್ಲಿ ಅದನ್ನು ಕಳೆದರೂ ನಷ್ಟವಿಲ್ಲ. ಆದರೆ ಸಾಲದ ಕೊನೆಯ ವರ್ಷದಲ್ಲಿ ಇದೇ ಶುಲ್ಕ ತೆತ್ತು ಮುಂಗಡ ಕಟ್ಟಿದರೆ ಉಳಿಯುವ ಬಡ್ಡಿಗಿಂತ ಶುಲ್ಕವೇ ದೊಡ್ಡದಾಗಬಹುದು.

ಭಾವನ ವಿಷಯದಲ್ಲಿ ಎಡವಟ್ಟಾದದ್ದು ಇನ್ನೊಂದು ಕಡೆ. ಅವರು ಆ್ಯಪ್‌ನಲ್ಲಿ ಒಂದು ಲಕ್ಷ ಕಟ್ಟಿ ಸುಮ್ಮನಾದರು. ಮುಂದಿನ ತಿಂಗಳ ವಿವರಪಟ್ಟಿಯಲ್ಲಿ ಬಡ್ಡಿ 4,017 ಎಂದಿತ್ತು. ಅದು 5,35,543ರ ಶೇ. 0.75. ಎಂದರೆ ಹಣ ಅಸಲಿಗೆ ಸಂದಿರಲೇ ಇಲ್ಲ. ಮುಂದಿನ ಕಂತುಗಳಿಗೆ ಮುಂಗಡವೆಂದು ಖಾತೆಯಲ್ಲಿ ಬಿದ್ದಿತ್ತು. ಅಸಲಿಗೆ ಜಮೆಯಾಗಿದ್ದರೆ ಆ ಜಾಗದಲ್ಲಿ 3,267 ಇರಬೇಕಿತ್ತು. ಶಾಖೆಗೆ ಹೋಗಿ, ಮೊತ್ತವನ್ನು ಅಸಲಿಗೆ ಜಮೆ ಮಾಡಿ ಕಂತು ಬದಲಿಸದೆ ಅವಧಿ ತಗ್ಗಿಸಬೇಕೆಂದು ಅರ್ಜಿ ಬರೆದುಕೊಟ್ಟರು. ಎರಡು ವಾರದ ಮೇಲೆ ಹೊಸ ಕಂತುಪಟ್ಟಿ ಬಂತು. ಭಾವ ಕನ್ನಡಕ ಏರಿಸಿಕೊಂಡು ಮೊದಲು ನೋಡಿದ್ದು ಬಡ್ಡಿಯ ಸಾಲನ್ನು, ಆಮೇಲೆ ಕೊನೆಯ ಕಂತಿನ ತಾರೀಖನ್ನು. ಅದು ಹದಿನಾರು ತಿಂಗಳು ಹಿಂದಕ್ಕೆ ಬಂದಿತ್ತು.