4/6, 1.67, -150: ಒಂದೇ ದರ, ಮೂರು ಬರಹ

ಒಂದು ಟೆನಿಸ್ ಪಂದ್ಯ. ಗೆಲ್ಲುವ ನೆಚ್ಚಿನ ಆಟಗಾರ್ತಿಯ ಬೆಟ್ಟಿಂಗ್ ಆಡ್ಸ್, ಅಂದರೆ ಅವಳ ಮೇಲೆ ಹಣ ಹೂಡಿದವರಿಗೆ ಎಷ್ಟು ಸಿಗುತ್ತದೆ ಅನ್ನುವ ದರ, ಒಂದು ಕಡೆ 4/6 ಅಂತ ಇದೆ, ಇನ್ನೊಂದು ಕಡೆ 1.67, ಮತ್ತೊಂದು ಕಡೆ -150. ಮೂರೂ ಹೇಳುವುದು ಒಂದೇ ಮಾತು. ಹಾಗಾದರೆ ಮೂರು ಬರಹ ಯಾಕೆ ಬಂತು?

ಭಿನ್ನರಾಶಿ ಬ್ರಿಟನ್ನಿನ ಕುದುರೆ ರೇಸಿನ ಭಾಷೆ. 1971ರಲ್ಲಿ ಅಲ್ಲಿನ ನಾಣ್ಯವೇ ದಶಮಾಂಶಕ್ಕೆ ಬದಲಾದರೂ ಆಡ್ಸ್ ಬದಲಾಗಲಿಲ್ಲ. ಇವತ್ತಿಗೂ 4/6 ಅನ್ನು 2/3 ಅಂತ ಚಿಕ್ಕದು ಮಾಡಿ ಬರೆಯುವ ರೂಢಿ ಇಲ್ಲ. ಯುರೋಪ್, ಆಸ್ಟ್ರೇಲಿಯಾ ದಶಮಾಂಶ ಹಿಡಿದವು. ಅಮೆರಿಕ 100 ಡಾಲರನ್ನು ಅಳತೆಗೋಲು ಮಾಡಿಕೊಂಡು -150 ಥರದ ಮನಿಲೈನ್ ಬಳಸಿತು. 2000ರಲ್ಲಿ ಶುರುವಾದ ಬೆಟ್‌ಫೇರ್‌ನಂಥ, ಜನ ಒಬ್ಬರ ಎದುರು ಒಬ್ಬರು ಬೆಟ್ ಕಟ್ಟುವ ಆನ್‌ಲೈನ್ ವಿನಿಮಯಗಳು ದಶಮಾಂಶವನ್ನೇ ಆರಿಸಿಕೊಂಡವು. ಅದು ಸರಿಯಾದ ಆಯ್ಕೆ ಅಂತಲೇ ನನಗನ್ನಿಸುತ್ತದೆ, ಯಾಕೆಂದರೆ ಅದರಲ್ಲಿ ಲೆಕ್ಕ ಬಚ್ಚಿಟ್ಟುಕೊಳ್ಳುವುದಿಲ್ಲ.

4/6 ಅಂದರೆ 6 ಹೂಡಿದರೆ 4 ಲಾಭ. 4ನ್ನು 6ರಿಂದ ಭಾಗಿಸಿದರೆ 0.67. ಅದಕ್ಕೆ ಅಸಲಿನ 1 ಸೇರಿಸಿದರೆ 1.67, ಅದೇ ದಶಮಾಂಶ. ಮನಿಲೈನ್‌ನಲ್ಲಿ -150 ಅಂದರೆ 100 ಗಳಿಸಲು 150 ಹೂಡಬೇಕು. ಈ ದರ ಹೇಳುವ ಗೆಲುವಿನ ಸಾಧ್ಯತೆ ತಿಳಿಯಲು ಹೂಡಿದ್ದನ್ನು ಒಟ್ಟು ವಾಪಸ್ ಬರುವ ಹಣದಿಂದ ಭಾಗಿಸಿದರೆ ಸಾಕು. 6/10 ಆಗಲಿ, 150/250 ಆಗಲಿ, ಬರುವುದು 60%.

ಎದುರಾಳಿಯದು 5/4. ದಶಮಾಂಶದಲ್ಲಿ 2.25, ಮನಿಲೈನ್‌ನಲ್ಲಿ +125. ಜಾಸ್ತಿ ಜನ ಎಡವುವುದು ಇಲ್ಲೇ. ಮೈನಸ್ಸಿನ ಸೂತ್ರವನ್ನೇ ಹಾಕಿ 125/225, ಅಂದರೆ 55.6% ಅಂತ ಬರೆದುಬಿಡುತ್ತಾರೆ. ಪ್ಲಸ್ ಇದ್ದರೆ ಹೂಡುವುದು 100, ಲಾಭ 125. ಹಾಗಾಗಿ 100/225, ಅಂದರೆ 44.4%. ತಪ್ಪು ಹಿಡಿಯುವುದು ಸುಲಭ: +100ಕ್ಕಿಂತ ಮೇಲಿನ ದರಕ್ಕೆ 50%ಗಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ.

ಈಗ ಎರಡನ್ನೂ ಕೂಡಿಸಿ ನೋಡಿ. 60 ಮತ್ತು 44.4 ಸೇರಿದರೆ 104.4. ಗೆಲ್ಲುವುದು ಒಬ್ಬರೇ, ಮೊತ್ತ 100 ಇರಬೇಕಿತ್ತು ಅಲ್ವಾ? ಹೆಚ್ಚಿಗೆ ಬಂದ ಈ 4.4, ದರ ನಿಗದಿ ಮಾಡುವ ಬುಕ್ಕಿಯ ಪಾಲು. ಮೂರು ಬರಹಗಳಲ್ಲಿ ಯಾವುದೂ ಇದನ್ನು ತಾನಾಗಿ ತೋರಿಸುವುದಿಲ್ಲ, ಭಿನ್ನರಾಶಿಯಲ್ಲಂತೂ ಕಣ್ಣಳತೆಗೆ ಸಿಗುವುದೇ ಇಲ್ಲ. ಹೊಸಬರಿಗೆ ಮೊದಲು ಹೇಳಿಕೊಡಬೇಕಾದದ್ದು ಇದನ್ನೇ.

ಆ ಪಾಲು ತೆಗೆಯಲು ಎರಡೂ ಸಾಧ್ಯತೆಗಳನ್ನು 1.044ರಿಂದ ಭಾಗಿಸುತ್ತಾರೆ. ಆಗ ನೆಚ್ಚಿನವಳಿಗೆ ಸುಮಾರು 57%, ಎದುರಾಳಿಗೆ ಸುಮಾರು 43% ಉಳಿಯುತ್ತದೆ. ಪಾಲು ಇಬ್ಬರ ಮೇಲೂ ಅವರವರ ಪ್ರಮಾಣಕ್ಕೆ ತಕ್ಕಂತೆ ಹಂಚಿದೆ ಅಂತ ಈ ಲೆಕ್ಕ ನಂಬುತ್ತದೆ. ಇಬ್ಬರೇ ಇರುವ ಪಂದ್ಯದಲ್ಲಿ ಅದು ತಕ್ಕಮಟ್ಟಿಗೆ ನಡೆಯುತ್ತದೆ. ಹತ್ತಾರು ಕುದುರೆಗಳ ರೇಸಿನಲ್ಲಿ ಮಾತ್ರ ಸಾಮಾನ್ಯವಾಗಿ ಪಾಲಿನ ಭಾರ ಗೆಲ್ಲುವ ಆಸೆಯೇ ಕಡಿಮೆ ಇರುವ ಕುದುರೆಗಳ ಮೇಲೆ ಜಾಸ್ತಿ ಬೀಳುತ್ತದೆ. ಅಲ್ಲಿ 50/1ರ ಕುದುರೆಗೆ ಹೀಗೆ ಭಾಗಿಸಿ ಬಂದ ಸಂಖ್ಯೆ ಕೂಡ ನಿಜಕ್ಕಿಂತ ಹೆಚ್ಚೇ ಇರುತ್ತದೆ.