ಬಾಕಿ ತೋರಿಸಿದ್ದು 1,33,000, ಬರಬೇಕಿದ್ದದ್ದು 56,800

ಜೂನ್ ಕೊನೆಯ ವಾರ ತೀರ್ಥಹಳ್ಳಿಯಿಂದ ಒಬ್ಬ ಗ್ರಾಫಿಕ್ ಡಿಸೈನರ್ ಫೋನ್ ಮಾಡಿದರು. ಜೇನುತುಪ್ಪ, ಉಪ್ಪಿನಕಾಯಿ, ಕಾಫಿಪುಡಿ ಪ್ಯಾಕೆಟ್‌ಗಳಿಗೆ ಲೇಬಲ್ ಮಾಡಿಕೊಡುವವರು. ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೂ ಕೆಲಸ ಮಾಡುತ್ತಾರೆ.

"ಸರ್, ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಲಕ್ಷದ ಮೂವತ್ತಮೂರು ಸಾವಿರ ಬಾಕಿ ಅಂತ ಬರ್ತಿದೆ. ಅಷ್ಟು ದುಡ್ಡು ನನಗೆ ಯಾರು ಕೊಡಬೇಕು ಮಾರಾಯ್ರೇ?"

ಶಿವಮೊಗ್ಗದಲ್ಲಿ ಇಂಥ ಫ್ರೀಲ್ಯಾನ್ಸರ್‌ಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಅವರಲ್ಲಿ ಸುಮಾರು ಜನ ಈಗ ಇಂಥದ್ದೊಂದು ಡ್ಯಾಶ್‌ಬೋರ್ಡ್ ಇಟ್ಟುಕೊಂಡಿದ್ದಾರೆ. ರಾತ್ರಿ ಲೆಕ್ಕದ ಸಾಫ್ಟ್‌ವೇರ್‌ನಿಂದ ಒಂದು ಸಿಎಸ್‌ವಿ ಫೈಲ್ ಹೊರಗೆ ಬರುತ್ತದೆ. ಅದು ಡ್ರೈವ್‌ನ ಒಂದು ಫೋಲ್ಡರ್‌ಗೆ ಹೋಗಿ ಬೀಳುತ್ತದೆ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಈ ತಿಂಗಳ ಆದಾಯ ಎಷ್ಟು, ಯಾವ ಬಿಲ್ ಬಾಕಿ ಇದೆ ಅಂತ ಕಾಣುತ್ತದೆ. ಅನುಕೂಲವೇ. ಆದರೆ ಬಾಕಿ ಅನ್ನುವ ಒಂದು ಅಂಕಿಯೊಳಗೆ ಮೂರ್ನಾಲ್ಕು ಬೇರೆ ಬೇರೆ ದುಡ್ಡು ಸೇರಿಕೊಂಡಿರುತ್ತದೆ. ಅದನ್ನು ಬಿಡಿಸದಿದ್ದರೆ ಡ್ಯಾಶ್‌ಬೋರ್ಡ್ ನೋಡಿ ಖರ್ಚು ಮಾಡಲು ಧೈರ್ಯ ಬರುವುದಿಲ್ಲ, ಗ್ರಾಹಕರಿಗೆ ಫೋನ್ ಮಾಡಲೂ ಧೈರ್ಯ ಬರುವುದಿಲ್ಲ.

ಅವರ ಫೈಲ್ ತರಿಸಿಕೊಂಡು ತೆರೆದೆ. ಪೂರ್ತಿ ಪಾವತಿ ಆಗಿಲ್ಲ ಅಂತ ಇದ್ದದ್ದು ಮೂರೇ ಬಿಲ್. ಆದರೆ ಫೈಲ್‌ನಲ್ಲಿ ಅವು ಆರು ಸಾಲು.

ಕಾರಣ ಇಷ್ಟೇ. ತುಂಬಾ ಸಾಫ್ಟ್‌ವೇರ್‌ಗಳು ಬಿಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡುವಾಗ ಒಂದು ಬಿಲ್‌ಗೆ ಒಂದು ಸಾಲು ಕೊಡುವುದಿಲ್ಲ. ಬಿಲ್‌ನಲ್ಲಿ ಎಷ್ಟು ಐಟಂ ಇದೆಯೋ ಅಷ್ಟು ಸಾಲು ಕೊಡುತ್ತವೆ. ಲೋಗೋಗೆ ಒಂದು, ಲೇಬಲ್‌ಗೆ ಒಂದು, ಫೋಟೋಗೆ ಒಂದು. ಐಟಂನ ದರ ಪ್ರತಿ ಸಾಲಿನಲ್ಲೂ ಬೇರೆ. ಆದರೆ ಬಿಲ್‌ನ ಒಟ್ಟು ಮೊತ್ತ ಮತ್ತು ಬಾಕಿ ಪ್ರತಿ ಸಾಲಿನಲ್ಲೂ ಅದೇ ಅದೇ. ಡ್ಯಾಶ್‌ಬೋರ್ಡ್ ಆ ಕಾಲಂ ಅನ್ನು ಸುಮ್ನೆ ಕೂಡಿಸಿಬಿಟ್ಟಿತ್ತು. 47,200ರ ಒಂದು ಬಿಲ್‌ನಲ್ಲಿ ಎರಡು ಐಟಂ ಇದ್ದಿದ್ದಕ್ಕೆ ಅದು 94,400 ಆಗಿತ್ತು. ಮೂರು ಐಟಂ ಇದ್ದ ಇನ್ನೊಂದು ಬಿಲ್‌ನ 5,000 ಬಾಕಿ 15,000 ಆಗಿತ್ತು. ಮೂರನೆಯದು ಒಂದೇ ಐಟಂನ ಬಿಲ್, 23,600. ಎಲ್ಲಾ ಕೂಡಿದರೆ 1,33,000.

ನಿಮ್ಮಲ್ಲೂ ಹೀಗಾಗಿದೆಯಾ ಅಂತ ನೋಡುವುದು ಸುಲಭ:

```python
import pandas as pd
df = pd.read_csv("invoices.csv")
bills = df.drop_duplicates("Invoice ID")
print(df["Balance"].sum(), bills["Balance"].sum())
```

ಎರಡು ಅಂಕಿ ಬೇರೆ ಬಂದರೆ ನಿಮ್ಮ ಫೈಲ್ ಐಟಂವಾರು ಫೈಲ್ ಅಂತ ಅರ್ಥ. ಎರಡನೆಯ ಅಂಕಿಯನ್ನು ಹಿಡಿಯಬೇಕು. ಇಲ್ಲಿ `Invoice ID` ಬದಲು ಬಿಲ್ ನಂಬರ್ ಹಾಕುವವರು ಸ್ವಲ್ಪ ಜಾಗ್ರತೆ. ಎಷ್ಟೋ ಜನ ಏಪ್ರಿಲ್ ಬಂದ ಕೂಡಲೇ ನಂಬರನ್ನು ಮತ್ತೆ 001ರಿಂದ ಶುರು ಮಾಡುತ್ತಾರೆ. ಆಗ ಹೋದ ವರ್ಷದ 001 ಮತ್ತು ಈ ವರ್ಷದ 001 ಒಂದೇ ಅಂತ ತಿಳಿದು ಒಂದು ಬಿಲ್ ಪೂರ್ತಿ ಮಾಯವಾಗುತ್ತದೆ. ಬಾಕಿ ಜಾಸ್ತಿ ತೋರಿಸಿದರೆ ಯಾರಾದರೂ ಕೇಳುತ್ತಾರೆ. ಕಡಿಮೆ ತೋರಿಸಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಎರಡನೆಯ ತಪ್ಪಿಗೆ ನಾನು ಜಾಸ್ತಿ ಹೆದರುತ್ತೇನೆ.

ಇಷ್ಟಾದ ಮೇಲೆ ಅವರ ಬಾಕಿ 75,800ಕ್ಕೆ ಇಳಿಯಿತು. ಇನ್ನೂ ಸರಿಯಾದ ಅಂಕಿ ಅಲ್ಲ.

ಆ 5,000 ನೋಡಿ. ಬೆಂಗಳೂರು ಕಂಪನಿಗೆ ಅವರು ಕೊಟ್ಟ ಬಿಲ್ 50,000. ಅದರ ಮೇಲೆ ಶೇ 18 ಜಿಎಸ್‌ಟಿ 9,000. ಒಟ್ಟು 59,000. ಮೇ ತಿಂಗಳಲ್ಲಿ ಬ್ಯಾಂಕಿಗೆ ಬಂದದ್ದು 54,000. ಇವರು ಬಂದಷ್ಟನ್ನು ಬಂದಂತೆ ಬರೆದರು, ಉಳಿದ 5,000 ಬಾಕಿ ಅಂತ ಹಾಗೇ ಕೂತಿತು. ಅದು ಕಂಪನಿ ಕೊಡಬೇಕಾದ ದುಡ್ಡಲ್ಲ. ವೃತ್ತಿಪರ ಸೇವೆ ಅಂತ ಶೇ 10 ಟಿಡಿಎಸ್ ಹಿಡಿದು ಇವರ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ದುಡ್ಡು. ಬಿಲ್‌ನಲ್ಲಿ ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಹಿಡಿಯುವುದು ಮೂಲ ಮೊತ್ತದ ಮೇಲೆ ಮಾತ್ರ. ಆದ್ದರಿಂದ 5,900 ಅಲ್ಲ, 5,000.

ಟಿಡಿಎಸ್ ಬರೆಯದೆ ಬಿಟ್ಟರೆ ಇಂಥ ಬಿಲ್ ಯಾವತ್ತೂ ಸೊನ್ನೆ ಆಗುವುದಿಲ್ಲ. ವರ್ಷಕ್ಕೆ ಹತ್ತು ಬಿಲ್ ಕೊಟ್ಟರೆ ಹತ್ತು ತುಂಡು ಬಾಕಿ ಉಳಿಯುತ್ತದೆ. ಇದನ್ನು ಗುರುತಿಸುವುದು ಕಷ್ಟವಲ್ಲ. ಬಾಕಿಯನ್ನು ಜಿಎಸ್‌ಟಿ ಬಿಟ್ಟ ಮೊತ್ತದಿಂದ ಭಾಗಿಸಿ ನೋಡಿ. ಸರಿಯಾಗಿ 0.10 ಬಂದರೆ ಅದು ಬಹುತೇಕ ಟಿಡಿಎಸ್. ತಾಂತ್ರಿಕ ಸೇವೆ ಅಂತ ಶೇ 2 ಹಿಡಿಯುವ ಕಂಪನಿಯಾದರೆ 0.02 ಬರುತ್ತದೆ. ಆದರೆ ಡ್ಯಾಶ್‌ಬೋರ್ಡ್‌ನಲ್ಲೇ ಇದನ್ನು ಕಳೆದು ಮುಚ್ಚಿಬಿಡಬೇಡಿ. ಲೆಕ್ಕದ ಸಾಫ್ಟ್‌ವೇರ್‌ನಲ್ಲೇ ಆ ಬಿಲ್‌ಗೆ ಟಿಡಿಎಸ್ ಅಂತ ನಮೂದು ಮಾಡಿ. ಆಗ ರಾತ್ರಿಯ ಎಕ್ಸ್‌ಪೋರ್ಟ್‌ನಲ್ಲಿ ಬಿಲ್ ತಾನಾಗಿ ಸೊನ್ನೆಯಾಗುತ್ತದೆ. ಟಿಡಿಎಸ್‌ಗೆ ಡ್ಯಾಶ್‌ಬೋರ್ಡ್‌ನಲ್ಲಿ ಬೇರೆ ಡಬ್ಬಿ ಇರಲಿ. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ರಿಟರ್ನ್ ಸಲ್ಲಿಸಲು ಕಂಪನಿಗೆ ಜುಲೈ 31ರವರೆಗೆ ಸಮಯ ಇರುತ್ತದೆ. ಅದಾದ ಮೇಲೆ ನಿಮ್ಮ ಪ್ಯಾನ್‌ಗೆ ಕಟ್ಟಿದ ತೆರಿಗೆಯನ್ನೆಲ್ಲ ತೋರಿಸುವ 26ಎಎಸ್‌ನಲ್ಲಿ ಆ 5,000 ಕಂಡರೆ ಡಬ್ಬಿಯಲ್ಲಿ 'ಬಂತು' ಅಂತ ಗುರುತು ಹಾಕಿ. ಕಾಣದಿದ್ದರೆ ಕಂಪನಿಯ ಲೆಕ್ಕ ವಿಭಾಗವನ್ನು ಕೇಳಬೇಕು. ಅಲ್ಲಿ ಹಿಡಿದು ಇಲ್ಲಿ ಕಟ್ಟದೆ ಇರುವುದೂ ಉಂಟು, ಪ್ಯಾನ್ ನಂಬರ್ ತಪ್ಪಾಗಿ ಬಿದ್ದಿರುವುದೂ ಉಂಟು.

ಈಗ 70,800.

23,600ರ ಬಿಲ್ ಸಾಗರದ ಒಂದು ಅಂಗಡಿಯದು. "ಅವರು ಹತ್ತು ಸಾವಿರ ಯುಪಿಐ ಮಾಡಿದ್ರಲ್ಲ ಸರ್" ಅಂದರು. ಹೌದು, ಮಾಡಿದ್ದರು. ಬ್ಯಾಂಕ್ ಎಂಟ್ರಿಯೂ ಇತ್ತು. ಆದರೆ ದುಡ್ಡು ಆ ಅಂಗಡಿಯ ಹೆಸರಿಗೆ ಜಮಾ ಆಗಿತ್ತೇ ಹೊರತು ಆ ಬಿಲ್‌ಗೆ ಜೋಡಿಸಿರಲಿಲ್ಲ. ನಮ್ಮ ಕಡೆ ಇದನ್ನು 'ಆನ್ ಅಕೌಂಟ್' ಅನ್ನುತ್ತೇವೆ. ಬಿಲ್‌ಗಳ ಎಕ್ಸ್‌ಪೋರ್ಟ್‌ನಲ್ಲಿ ಇಂಥ ದುಡ್ಡು ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ಅದು ಯಾವ ಬಿಲ್‌ನ ಸಾಲಿನಲ್ಲೂ ಇಲ್ಲ. ಅದಕ್ಕೇ ಬಿಲ್‌ಗಳ ಫೈಲ್ ಜೊತೆಗೆ ಪಾವತಿಗಳ ಫೈಲನ್ನೂ ರಾತ್ರಿ ತರಿಸಬೇಕು. ಬಿಲ್‌ಗೆ ಜೋಡಿಸದೆ ಉಳಿದ ಮೊತ್ತವನ್ನು ಗ್ರಾಹಕರ ಹೆಸರಿನ ಮುಂದೆ ತೋರಿಸಬೇಕು. ಜೋಡಿಸಿದ ಮೇಲೆ ಅಂಗಡಿಯ ಬಾಕಿ 13,600, ಒಟ್ಟು ಬಾಕಿ 60,800.

ಉಳಿದ 47,200ರ ಬಿಲ್ ಕೂಡ ಅದೇ ಬೆಂಗಳೂರು ಕಂಪನಿಯದು. ಮೂಲ ಮೊತ್ತ 40,000. ಅಂದರೆ ಅವರು ಪಾವತಿ ಮಾಡುವಾಗ ಮತ್ತೆ 4,000 ಹಿಡಿಯುತ್ತಾರೆ. ಬ್ಯಾಂಕಿಗೆ ಬರುವುದು 43,200. ಅಂಗಡಿಯವರು ಟಿಡಿಎಸ್ ಹಿಡಿಯುವುದಿಲ್ಲ, ಅಲ್ಲಿಂದ ಪೂರ್ತಿ 13,600. ಕೈಗೆ ಬರಬೇಕಿದ್ದದ್ದು 56,800. ಅದರಲ್ಲೂ ಎರಡೂ ಬಿಲ್‌ಗಳ ಜಿಎಸ್‌ಟಿ 10,800 ಅವರದಲ್ಲ. ಗ್ರಾಹಕರು ದುಡ್ಡು ಕೊಡಲಿ, ಬಿಡಲಿ, ಬಿಲ್ ಮಾಡಿದ ಮೇಲೆ ಜಿಎಸ್‌ಟಿ ಕಟ್ಟಲೇಬೇಕು. ಅದಕ್ಕೆ ಆದಾಯದ ಚಾರ್ಟ್‌ನಲ್ಲಿ ಜಿಎಸ್‌ಟಿ ಸೇರಿದ ಮೊತ್ತವನ್ನು ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅವರು ಫೋನ್‌ನಲ್ಲೇ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನನ್ನ ತಲೆಯೊಳಗಿದ್ದ ಲೆಕ್ಕ ಸರ್" ಅಂದರು.

ಜುಲೈನಲ್ಲಿ ಮತ್ತೆ ಫೋನ್ ಬಂತು. ಈ ಸಲ ಅವರ ದನಿಯಲ್ಲಿ ಬೇಜಾರಿತ್ತು. ಗುರುವಾರ ಬೆಳಿಗ್ಗೆ ಡ್ಯಾಶ್‌ಬೋರ್ಡ್ ನೋಡಿ ಸಾಗರದ ಅಂಗಡಿಯವರಿಗೆ ಬಾಕಿ ನೆನಪಿಸಿದ್ದಾರೆ. ಅವರು ಮಂಗಳವಾರವೇ ಕೊಟ್ಟಾಗಿತ್ತು. ಮೊಬೈಲ್‌ನಲ್ಲೇ ಆ ಪಾವತಿಯನ್ನು ಇವರು ಬರೆದೂ ಆಗಿತ್ತು. ಪರಿಚಯದವರ ಹತ್ತಿರ ಹೀಗಾದರೆ ಮುಜುಗರ, ಅಲ್ವಾ?

ಆ ವಾರ ತೀರ್ಥಹಳ್ಳಿ ಕಡೆ ಗಾಳಿ ಮಳೆ ಜೋರು. ರಾತ್ರಿ ಕರೆಂಟ್ ಇರುತ್ತಿರಲಿಲ್ಲ. ಅವರ ಮನೆಯ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ 11:30ಕ್ಕೆ ಒಂದು ಸಣ್ಣ ಸ್ಕ್ರಿಪ್ಟ್ ಓಡಿ ಫೈಲ್ ತರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಆನ್ ಇತ್ತು, ನೆಟ್ ಕೂಡ ಮೊಬೈಲ್‌ನಿಂದ ಸಿಗುತ್ತಿತ್ತು. ಆದರೂ ಸ್ಕ್ರಿಪ್ಟ್ ಓಡಿಲ್ಲ. ವಿಂಡೋಸ್‌ನ Task Scheduler ತೆರೆದಾಗ ಕಾರಣ ಸಿಕ್ಕಿತು. Conditions ಟ್ಯಾಬ್‌ನಲ್ಲಿ `Start the task only if the computer is on AC power` ಅನ್ನುವುದಕ್ಕೆ ಮೊದಲಿನಿಂದಲೇ ಟಿಕ್ ಇರುತ್ತದೆ. ಕರೆಂಟ್ ಇಲ್ಲದಿದ್ದರೆ ಕೆಲಸ ಶುರುವೇ ಆಗುವುದಿಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ತೆಗೆಯಬೇಕಾದ ಮೊದಲ ಟಿಕ್ ಇದೇ. ಜೊತೆಗೆ Settings ಟ್ಯಾಬ್‌ನಲ್ಲಿ `Run task as soon as possible after a scheduled start is missed` ಅನ್ನುವುದಕ್ಕೆ ಟಿಕ್ ಹಾಕಬೇಕು. ರಾತ್ರಿ ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿದ್ದರೂ ಬೆಳಿಗ್ಗೆ ಆನ್ ಮಾಡಿದ ಮೇಲೆ ತಪ್ಪಿಹೋದ ಕೆಲಸ ಓಡುತ್ತದೆ.

ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆ. ಮೂರು ದಿನ ಫೈಲ್ ಬಂದಿಲ್ಲ, ಅವರಿಗೆ ಗೊತ್ತೇ ಆಗಿಲ್ಲ. ಯಾಕೆ? ಡ್ಯಾಶ್‌ಬೋರ್ಡ್ ಇರುವುದು ಆನ್‌ಲೈನ್ ಶೀಟ್‌ನಲ್ಲಿ. ಅದು ರಾತ್ರಿ 2ಕ್ಕೆ ತನ್ನ ಪಾಡಿಗೆ ರಿಫ್ರೆಶ್ ಆಗುತ್ತಿತ್ತು, ಹಳೆಯ ಫೈಲನ್ನೇ ಮತ್ತೆ ಓದುತ್ತಿತ್ತು, ಮೇಲೆ ಅವತ್ತಿನ ತಾರೀಖು ಹಾಕುತ್ತಿತ್ತು. ಬಿಲ್ ಎಷ್ಟು ದಿನ ತಡವಾಗಿದೆ ಅನ್ನುವ ಕಾಲಂ `TODAY()` ಇಟ್ಟು ಮಾಡಿದ್ದು. ಅದು ದಿನಾ ಒಂದೊಂದು ಏರುತ್ತಿತ್ತು. ಸೋಮವಾರ 12, ಮಂಗಳವಾರ 13, ಬುಧವಾರ 14. ಅಂಕಿ ಬದಲಾಗುತ್ತಿದ್ದರೆ ಲೆಕ್ಕ ಹೊಸದು ಅಂತಲೇ ಯಾರಿಗಾದರೂ ಅನ್ನಿಸುತ್ತದೆ.

ಈಗ ಅವರ ಡ್ಯಾಶ್‌ಬೋರ್ಡ್‌ನ ತಲೆಯಲ್ಲಿ ರಿಫ್ರೆಶ್ ಆದ ಸಮಯ ಇಲ್ಲ. ಸ್ಕ್ರಿಪ್ಟ್ ಫೈಲ್ ತರುವಾಗಲೇ ಅದರೊಳಗೆ ಬರೆದ ಸಮಯ ಇದೆ. ತಡದ ದಿನಗಳನ್ನೂ ಆ ಸಮಯದಿಂದಲೇ ಎಣಿಸುತ್ತದೆ. ಫೈಲ್ ಬರದಿದ್ದರೆ ಎಣಿಕೆಯೂ ನಿಲ್ಲುತ್ತದೆ.

ಇನ್ನೊಂದು ಸಾಲು ಸೇರಿಸಿದೆವು. ಅದರಲ್ಲಿ ಎರಡು ಅಂಕಿ ಪಕ್ಕಪಕ್ಕ: ಡ್ಯಾಶ್‌ಬೋರ್ಡ್ ಲೆಕ್ಕ ಹಾಕಿದ ಬಾಕಿ, ಸಾಫ್ಟ್‌ವೇರ್‌ನ ಸ್ವಂತ 'ಗ್ರಾಹಕರ ಬಾಕಿ' ವರದಿಯ ಒಟ್ಟು. ಎರಡೂ ತಾಳೆ ಆಗಬೇಕು. ಜೂನ್‌ನಲ್ಲೇ ಈ ಸಾಲು ಇದ್ದಿದ್ದರೆ ಒಂದು ಕಡೆ 1,33,000, ಇನ್ನೊಂದು ಕಡೆ 65,800 ಕಾಣುತ್ತಿತ್ತು. ಆ ವರದಿ ಆನ್ ಅಕೌಂಟ್ ದುಡ್ಡನ್ನು ತಾನೇ ಕಳೆದಿರುತ್ತದೆ, ಬರೆಯದ ಟಿಡಿಎಸ್ ಮಾತ್ರ ಅದಕ್ಕೂ ಗೊತ್ತಾಗುವುದಿಲ್ಲ.

ಫೈಲ್‌ನ ವಯಸ್ಸು 26 ಗಂಟೆ ದಾಟಿದರೆ ತಲೆಯ ಸಾಲು ಕೆಂಪಾಗುತ್ತದೆ. ಮೊದಲು 24 ಅಂತ ಇಟ್ಟಿದ್ದೆವು. ನೆಟ್ ನಿಧಾನ ಇದ್ದು ಫೈಲ್ ಹತ್ತು ನಿಮಿಷ ತಡವಾದ ರಾತ್ರಿಗಳಲ್ಲೂ ಕೆಂಪಾಗಿ, ನಾಲ್ಕೇ ದಿನಕ್ಕೆ ಅವರು ಆ ಬಣ್ಣ ನೋಡುವುದನ್ನೇ ಬಿಟ್ಟಿದ್ದರು. ಅದಕ್ಕೇ ಎರಡು ಗಂಟೆ ಸೇರಿಸಿದೆವು.