ಒಂದೇ ರ‍್ಯಾಕ್, ಬೇರೆ ಬೇರೆ ತೂಕ

ಜೋಡಿಯಾಗಿ ಜಿಮ್ಮಿಗೆ ಬರುವವರಲ್ಲಿ ಒಬ್ಬರು 100 ಕೆಜಿ ಸ್ಕ್ವಾಟ್ ಮಾಡ್ತಾರೆ, ಇನ್ನೊಬ್ಬರು 50 ಕೆಜಿ ಅಂದುಕೊಳ್ಳಿ. ಇಬ್ಬರೂ ಒಂದೇ ರ‍್ಯಾಕ್‌ನಲ್ಲಿ ಆರಾಮಾಗಿ ಮಾಡಬಹುದು. ಬೇಜಾರು ಶುರುವಾಗೋದು ಪ್ಲೇಟ್ ಬದಲಿಸುವಾಗ. ಎರಡು ಸೆಟ್ ಆದಮೇಲೆ ಯಾರೋ ಒಬ್ಬರು "ಇರಲಿ ಬಿಡು, ಇದರಲ್ಲೇ ಮಾಡ್ತೀನಿ" ಅಂತಾರೆ. ಅಲ್ಲಿಂದ ಒಬ್ಬರ ವ್ಯಾಯಾಮ ಕೆಡುತ್ತದೆ.

ಇದಕ್ಕೆ ದಾರಿ ಪ್ಲೇಟ್ ಹಾಕುವ ಕ್ರಮದಲ್ಲಿದೆ. ಬಾರ್ 20 ಕೆಜಿ. 50 ಆಗಲು ಒಂದೊಂದು ಬದಿಗೆ 15 ಬೇಕು, 100 ಆಗಲು 40 ಬೇಕು. ದೊಡ್ಡ ಪ್ಲೇಟ್ ಒಳಗೆ ಹಾಕುವ ಅಭ್ಯಾಸವನ್ನು ಇಲ್ಲಿ ಬಿಡಿ. ಮೊದಲು 15 ಹಾಕಿ, ಅದು ಕೊನೆತನಕ ಅಲ್ಲೇ ಇರಲಿ. ಅದರ ಹೊರಗೆ 25. ಹಾಕಿ ತೆಗೆಯೋದು ಬದಿಗೆ ಒಂದೇ ಪ್ಲೇಟ್.

ತೆಗೆಯುವಾಗ ಇಬ್ಬರೂ ಒಂದೊಂದು ಬದಿಯಲ್ಲಿ ನಿಂತು ಒಟ್ಟಿಗೆ ತೆಗೆಯಿರಿ. ಒಂದು ಬದಿ ಪೂರ್ತಿ ಖಾಲಿಯಾಗಿ ಇನ್ನೊಂದು ಬದಿ ತುಂಬಿದ್ದರೆ ಬಾರ್ ರ‍್ಯಾಕ್‌ನಿಂದ ಮಗುಚಿ ಬೀಳಬಹುದು. ಕೊಕ್ಕೆಗಳನ್ನು ಕುಳ್ಳಗಿರುವವರ ಎತ್ತರಕ್ಕೆ ಇಡಿ. ಉದ್ದ ಇರುವವರು ಸ್ವಲ್ಪ ಮಂಡಿ ಬಗ್ಗಿಸಿ ಬಾರ್ ಎತ್ತಿಕೊಳ್ಳಲಿ. ತುದಿಗಾಲಲ್ಲಿ ನಿಂತು ಬಾರ್ ವಾಪಸ್ ಇಡೋದು ಮಾತ್ರ ಅಪಾಯ. ಸೇಫ್ಟಿ ಬಾರ್ ಕಡ್ಡಾಯ, ಯಾಕಂದ್ರೆ 50 ಎತ್ತುವವರು 100ರ ಕೆಳಗೆ ಸಿಕ್ಕಿದವರನ್ನು ಎತ್ತಿ ಉಳಿಸಲಾರರು.

ಇನ್ನು ಶ್ರಮ ಸಮ ಮಾಡೋದು. ಕೆಜಿ ಬೇರೆಯಾದರೂ ಇಬ್ಬರೂ ಸೆಟ್ ಮುಗಿಸುವಾಗ "ಇನ್ನೆರಡು ಆಗ್ತಿತ್ತು" ಅನ್ನುವ ಹಂತದಲ್ಲಿರಬೇಕು. ಬಾಯಿಮಾತಿಗಿಂತ ಬಾರ್‌ನ ವೇಗ ನೋಡಿ. ಏಳುವಾಗ ಕೊನೆಯ ರೆಪ್ ಸ್ಪಷ್ಟವಾಗಿ ನಿಧಾನವಾಗಬೇಕು, ಆದರೆ ನಡುವೆ ನಿಂತುಬಿಡಬಾರದು. ಒಬ್ಬರ ಕೊನೆಯ ರೆಪ್ ಕೂಡ ಮೊದಲಿನಷ್ಟೇ ಚುರುಕಾಗಿದ್ದರೆ ಅವರಿಗೆ ತೂಕ ಸಾಲದು.

ಹೆಚ್ಚಿಸುವಾಗ ಜೋಡಿಗಳು ಎಡವುವುದು ಇಲ್ಲೇ. ಇಬ್ಬರೂ 5 ಕೆಜಿ ಏರಿಸೋಣ ಅಂತಾರೆ. ನ್ಯಾಯ ಅನ್ನಿಸುತ್ತದೆ, ಅಲ್ವಾ? 100ಕ್ಕೆ ಅದು ಶೇ. 5, 50ಕ್ಕೆ ಶೇ. 10. ಹಗುರ ಎತ್ತುವವರಿಗೆ 8 ಇದ್ದ ರೆಪ್ ಒಮ್ಮೆಗೇ 5ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅವರಿಗೆ ಬದಿಗೆ 1.25ರ ಪ್ಲೇಟ್ ಹಾಕಿ 2.5 ಏರಿಸಿ. ಆ ಪ್ಲೇಟ್ ಇಲ್ಲದಿದ್ದರೆ ಅದೇ ತೂಕದಲ್ಲಿ ರೆಪ್‌ಗಳನ್ನು 8ರಿಂದ 10ಕ್ಕೆ ಒಯ್ದು, ಆಮೇಲೆ ಏರಿಸಿ.

ಡೆಡ್‌ಲಿಫ್ಟ್‌ಗೆ ಈ ಉಪಾಯ ಸುಮ್ನೆ ಹಾಗೇ ನಡೆಯುವುದಿಲ್ಲ. ಕಬ್ಬಿಣದ ಪ್ಲೇಟುಗಳಲ್ಲಿ 15ರದ್ದು 25ಕ್ಕಿಂತ ಚಿಕ್ಕದು. 25 ತೆಗೆದ ಕೂಡಲೇ ಬಾರ್ ನೆಲಕ್ಕೆ ಹತ್ತಿರವಾಗಿ, ಹಗುರ ಎತ್ತುವವರು ಜಾಸ್ತಿ ಬಗ್ಗಬೇಕಾಗುತ್ತದೆ. ಆಗ ಪ್ಲೇಟಿನ ಕೆಳಗೆ ದಿಮ್ಮಿ ಇಡಿ. ಎಲ್ಲ ತೂಕದಲ್ಲೂ ಒಂದೇ ವ್ಯಾಸದ ರಬ್ಬರ್ ಪ್ಲೇಟ್ ಇದ್ದರೆ ಆ ತೊಂದರೆಯೂ ಇಲ್ಲ.